ಬಲಗಡೆಗಿದ್ದ ಜೇಬು

ಅಕ್ಕನ ಮಗಳು ಆ ಸ್ಕ್ರೀನ್‌ಶಾಟ್ ಕಳಿಸಿದಾಗ ನಾನು ಮುಳಬಾಗಿಲು ಬಸ್ ನಿಲ್ದಾಣದ ಹತ್ತಿರವಿರುವ ನನ್ನ ಟೈಲರಿಂಗ್ ಅಂಗಡಿಯಲ್ಲಿ ಯಾರದೋ ಮದುವೆ ಬ್ಲೌಸಿಗೆ ಲೈನಿಂಗ್ ಕತ್ತರಿಸುತ್ತಿದ್ದೆ. ಕತ್ತರಿ ಕೆಳಗಿಟ್ಟು ಫೋನು ನೋಡಿದೆ. ಮದುವೆ ಸಂಬಂಧ ಹುಡುಕುವ ಆ್ಯಪಿನ ಒಂದು ಪುಟ. ಮೇಲೆ ಒಬ್ಬ ಗಂಡಸಿನ ಫೋಟೋ, ಕೆಳಗೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳ ಸಾಲು. ಅದರ ಕೆಳಗೆ ಅವಳ ಮಾತು: 'ಚಿಕ್ಕಮ್ಮ, ಅಮ್ಮಂಗೆ ಇವ್ರು ಇಂಟರೆಸ್ಟ್ ಕಳ್ಸವ್ರೆ. ಡಾಕ್ಟರ್ ಅಂತೆ. ಹೆಂಗವ್ರೆ ಹೇಳು.'

ಅಕ್ಕ ಶ್ರೀನಿವಾಸಪುರದಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್. ಭಾವ ಅದೇ ಡಿಪೋದಲ್ಲಿ ಡ್ರೈವರ್ ಆಗಿದ್ದರು. ಹತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟವರು ಎದೆನೋವೆಂದು ಜಗಲಿಯ ಮೇಲೆ ಕೂತರು, ಮತ್ತೆ ಏಳಲಿಲ್ಲ. ಅನುಕಂಪದ ಆಧಾರದ ಮೇಲೆ ಅಕ್ಕನಿಗೆ ಕೆಲಸ ಕೊಟ್ಟರು. ಅಲ್ಲಿಯವರೆಗೆ ಗಂಡನ ಹಿಂದೆ ತಲೆ ತಗ್ಗಿಸಿ ನಡೆಯುತ್ತಿದ್ದ ಹೆಂಗಸು, ಖಾಕಿ ಹಾಕಿದ ಒಂದೇ ವರ್ಷಕ್ಕೆ ಐವತ್ತು ಜನರ ನಡುವೆ ನಿಂತು ಗದರುವಷ್ಟಾದಳು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲಂತೂ ಅವಳ ಕಣ್ಣು ಇನ್ನೂ ಚುರುಕಾಯಿತು. ನಮ್ಮದು ಆಂಧ್ರದ ಗಡಿ. ಆಚೆಯವರು ಈಚೆಯ ನೆಂಟರ ಆಧಾರ್ ಕಾರ್ಡು ಹಿಡಿದು ಹತ್ತುವುದುಂಟು. ಅಕ್ಕ ಕಾರ್ಡನ್ನು ಕೈಗೂ ತೆಗೆದುಕೊಳ್ಳದೆ, 'ಫೋಟೋ ಮೇಲಿಂದ ಬೆರಳು ತೆಗಿಯಮ್ಮಾ' ಎಂದುಬಿಡುತ್ತಿದ್ದಳು. ಅವಳಿಗೆ ಮೋಸ ಮಾಡುವುದು ಕಷ್ಟ ಎಂದು ಡಿಪೋದಲ್ಲೂ ಹೇಳುತ್ತಿದ್ದರು, ಮನೆಯಲ್ಲಿ ನಾವೂ ಹೇಳುತ್ತಿದ್ದೆವು.

ಅಕ್ಕನಿಗೆ ಮತ್ತೆ ಮದುವೆ ಮಾಡಬೇಕೆಂದು ಹೊರಟವಳು ಅವಳ ಮಗಳೇ. ಕೋಲಾರದಲ್ಲಿ ನರ್ಸಿಂಗ್ ಓದುತ್ತಾಳೆ, ಕೊನೆಯ ವರ್ಷ. 'ನಾನು ಕೆಲ್ಸ ಅಂತ ಎಲ್ಲಿಗೋ ಹೋಗ್ತೀನಿ. ಅಮ್ಮ ಟ್ರಿಪ್ ಮುಗ್ಸಿ ಬಂದು ಗೋಡೆ ನೋಡ್ಕೊಂಡು ಉಣ್ಬೇಕಾ?' ಎಂದು ನನ್ನ ಹತ್ತಿರ ಅತ್ತಳು. ಅಕ್ಕನಿಗೆ ಆಗ ನಲವತ್ತನಾಲ್ಕು. ಮೊದಲು ಬೈದಳು, ಆಮೇಲೆ ನಕ್ಕಳು, ಕೊನೆಗೆ 'ನಿಮ್ಮಿಷ್ಟ ಕಣ್ರೇ, ಊರಲ್ಲಿ ಯಾರಿಗೂ ಗೊತ್ತಾಗ್ಬಾರ್ದು ಅಷ್ಟೆ' ಎಂದಳು. ಫೋಟೋಕ್ಕೆಂದು ಹಸಿರು ಬ್ಲೌಸ್ ಹೊಲಿದುಕೊಟ್ಟವಳು ನಾನು.

ಈಗ ಆ ಗಂಡಸಿನ ಫೋಟೋ. ಐವತ್ತರ ಹತ್ತಿರದ ಮನುಷ್ಯ, ಕಿವಿಯ ಮೇಲೆ ಸ್ವಲ್ಪ ನರೆ, ಬಿಳಿ ಅಂಗಿ. ಕಾರಿಗೆ ಒರಗಿ ನಿಂತಿದ್ದ. ನೋಡಲು ಲಕ್ಷಣವಾಗಿಯೇ ಇದ್ದ. ಆದರೆ ನನ್ನ ಕಣ್ಣು ಮುಖದ ಮೇಲೆ ನಿಲ್ಲಲಿಲ್ಲ. ನಮ್ಮಪ್ಪ ಗಂಡಸರ ಬಟ್ಟೆ ಹೊಲಿಯುತ್ತಿದ್ದವರು. ನಾನು ಹತ್ತು ವರ್ಷದವಳಿದ್ದಾಗಿನಿಂದ ಅಂಗಿಗೆ ಗುಂಡಿ ಹಾಕಿ ಕಲಿತವಳು. ಗಂಡಸಿನ ಅಂಗಿಯಲ್ಲಿ ಜೇಬು ಎಡ ಎದೆಯ ಮೇಲೆ. ಎಡಪಟ್ಟಿ ಮೇಲೆ ಬಂದು ಬಲಪಟ್ಟಿಯ ಗುಂಡಿಗೆ ಕೂರುತ್ತದೆ. ಹೆಂಗಸರದ್ದು ಇದರ ತಿರುವು. ಈ ಮನುಷ್ಯನ ಜೇಬು ಬಲಗಡೆಗಿತ್ತು. ಪಟ್ಟಿಯೂ ತಿರುವು. ವಾಚು ಬಲಗೈಯಲ್ಲಿ.

ನೋಡಿದೆ. ಸರಿಯಾಗಿಯೇ ನೋಡಿದೆ. ಸೆಲ್ಫಿ ತೆಗೆದರೆ ಕೆಲವು ಫೋನಿನಲ್ಲಿ ಎಡಬಲ ಅದಲುಬದಲಾಗುತ್ತದೆ, ಇದೂ ಹಾಗೇ ಇರಬೇಕು ಎಂದುಕೊಂಡೆ. ಆ ಮನುಷ್ಯನ ಒಂದು ಕೈ ಕಾರಿನ ಮೇಲಿತ್ತು, ಇನ್ನೊಂದರಲ್ಲಿ ಕೋಟು ಹಿಡಿದಿದ್ದ. ಎರಡು ಕೈಯೂ ತುಂಬಿರುವವನು ತನ್ನ ಫೋಟೋ ತಾನೇ ಹೇಗೆ ತೆಗೆದುಕೊಂಡ ಎಂದು ಮುಂದಕ್ಕೆ ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಅಷ್ಟರಲ್ಲಿ ಹುಡುಗಿಯೇ ಫೋನು ಮಾಡಿದಳು. 'ಫೋಟೋ ಹಾಕಿ ನೆಟ್ಟಲ್ಲಿ ಹುಡುಕ್ದೆ ಚಿಕ್ಕಮ್ಮ, ಬೇರೆಲ್ಲೂ ಸಿಗ್ಲಿಲ್ಲ. ಹಸಿರು ಟಿಕ್ಕೂ ಐತೆ. ಅಂದ್ರೆ ಅಸಲಿನೇ.' ಅವಳ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ನಾನು 'ಚೆನ್ನಾಗವ್ರೆ ಕಣೇ' ಎಂದುಬಿಟ್ಟೆ.

ಆಮೇಲಿನ ಎರಡು ತಿಂಗಳು ಅಕ್ಕ ಬೇರೆಯವಳೇ ಆದಳು. ಅವಳ ಬಸ್ಸು ಮುಳಬಾಗಿಲಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಡ್ರೈವರ್ ಟೀ ಕುಡಿಯುವಷ್ಟರಲ್ಲಿ ಅವಳು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಫೋನು ತೆಗೆಯುತ್ತಿದ್ದಳು. ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಅವನ ಮೆಸೇಜು ಬಂದಿರುತ್ತಿತ್ತು. ಊಟ ಮಾಡಿದೆಯಾ, ಕಾಲು ನೋಯುತ್ತಿದೆಯಾ, ನೀರು ಕುಡಿ. ಎಲ್ಲ ಇಂಗ್ಲಿಷಿನಲ್ಲಿ. ಅಕ್ಕ ಫೋನಿನಲ್ಲೇ ಅದನ್ನು ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದಳು. ಮಾತೃಭಾಷೆ ಕನ್ನಡ, ಸ್ವಂತ ಊರು ಕೋಲಾರ ಎಂದು ಬರೆದುಕೊಂಡವನಿಗೆ ಕನ್ನಡ ಬರುತ್ತಿರಲಿಲ್ಲ. 'ಚಿಕ್ಕವಯಸ್ಸಲ್ಲೇ ಲಂಡನ್ನಿಗೆ ಹೋದವ್ರಂತೆ, ಮರ್ತೋಗೈತಂತೆ' ಎಂದಳು. ವಿಡಿಯೋ ಕಾಲ್ ಮಾಡುತ್ತಾನಾ ಎಂದು ಕೇಳಿದೆ. ಆಸ್ಪತ್ರೆಯಲ್ಲಿ ಬಿಡುವುದಿಲ್ಲವಂತೆ, ಮನೆಯಲ್ಲಿ ಕ್ಯಾಮರಾ ಕೆಟ್ಟಿದೆಯಂತೆ. 'ಹತ್ತು ವರ್ಷದಿಂದ ನಂಗೆ ಕಾಲು ನೋಯ್ತದಾ ಅಂತ ಯಾರೂ ಕೇಳಿಲ್ಲ ಕಣೇ' ಎಂದಳು ಒಂದು ದಿನ. ನಾನೂ ಕೇಳಿರಲಿಲ್ಲ. ಹೊಲಿಗೆ ಯಂತ್ರದ ಮೇಲೆ ಬಗ್ಗಿ ಸೂಜಿಗೆ ದಾರ ಪೋಣಿಸಿದೆ.

ಒಂದು ಗುರುವಾರ ಅವಳ ವಾರದ ರಜೆ. ಹನ್ನೊಂದು ಗಂಟೆಗೆ ಸೀರೆಯುಟ್ಟು ಅಂಗಡಿಗೆ ಬಂದಳು. ಕೂರಲಿಲ್ಲ.

'ಅಮ್ಮನ ಬಳೆ ನಿನ್ನತ್ರ ಐತಲ್ವಾ, ಕೊಡು. ನಿನ್ ಸರಾನೂ ಬೇಕು. ಹದಿನೈದು ದಿನಕ್ಕೆ ಬಿಡಿಸ್ಕೊಡ್ತೀನಿ.'

'ಏನಾಯ್ತಕ್ಕಾ?'

'ಕೇಳ್ಬೇಡ. ಐದು ಗಂಟೆ ಒಳ್ಗೆ ಕಟ್ಬೇಕು.'

ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಅವಳನ್ನು ಕೂರಿಸಿದೆ. ತುಂಡು ತುಂಡಾಗಿ ಹೇಳಿದಳು. ಅವನು ಅವಳನ್ನು ನೋಡಲೆಂದೇ ಹೊರಟು ಮಂಗಳವಾರ ದೆಹಲಿಗೆ ಬಂದಿಳಿದಿದ್ದಾನೆ. ಜೊತೆಯಲ್ಲಿ ದೊಡ್ಡ ಮೊತ್ತದ ವಿದೇಶಿ ಡ್ರಾಫ್ಟ್ ತಂದದ್ದಕ್ಕೆ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಹಿಡಿದಿದ್ದಾರೆ. ಅಲ್ಲಿನ ಒಬ್ಬ ಹೆಂಗಸು ಅಧಿಕಾರಿ ಅಕ್ಕನಿಗೆ ಫೋನು ಮಾಡಿ, ನೋಂದಣಿ ಶುಲ್ಕ ಕಟ್ಟಿದರೆ ಬಿಡುತ್ತೇವೆ ಎಂದಳು. ಅವನೂ ಅಳುತ್ತಾ ಮಾತಾಡಿದ. ಅಕ್ಕ ಅವತ್ತೇ ನಲವತ್ತೆಂಟು ಸಾವಿರ ಕಳಿಸಿಬಿಟ್ಟಿದ್ದಳು. ಈಗ ಇನ್ನೊಂದು ಪ್ರಮಾಣಪತ್ರಕ್ಕೆ ಒಂದು ಲಕ್ಷ ಎಂಬತ್ತೈದು ಸಾವಿರ ಬೇಕಂತೆ. ಸಂಜೆಯೊಳಗೆ ಕಟ್ಟದಿದ್ದರೆ ಜೈಲು.

ಮೊದಲು ಅವಳ ಮಗಳಿಗೆ ಫೋನು ಮಾಡಿ, ಇದ್ದ ಹಾಗೆ ಹೊರಟು ಬಾ ಎಂದೆ. ಆಮೇಲೆ ಫೋನಿನಲ್ಲಿ ಆ ಹಳೆಯ ಸ್ಕ್ರೀನ್‌ಶಾಟ್ ಹುಡುಕಿ ತೆಗೆದೆ.

'ಅಕ್ಕ, ಇದನ್ನ ಒಂದ್ಸಲ ಇಬ್ರೂ ಕೂತು ಓದಾಣ.'

'ಓದಿರೋದೇ ಅಲ್ವೇನೇ.'

'ಓದಿಲ್ಲ. ನೋಡಿದ್ವಿ ಅಷ್ಟೆ.'

ಬೆರಳಿಟ್ಟು ಅಕ್ಷರ ದೊಡ್ಡದು ಮಾಡುತ್ತಾ ಹೋದೆ. ಓದು ಎಂಬಲ್ಲಿ ಬಿ.ಕಾಂ ಎಂದಿತ್ತು. ಕೆಲಸ ಎಂಬಲ್ಲಿ ಮೂಳೆ ಡಾಕ್ಟರ್. ಅಕ್ಕ, 'ತಪ್ಪಾಗಿ ಒತ್ತಿರ್ತಾರೆ' ಎಂದಳು. ವೈವಾಹಿಕ ಸ್ಥಿತಿ ಎಂಬಲ್ಲಿ 'ಮದುವೆಯಾಗಿಲ್ಲ' ಎಂದಿತ್ತು. ಕೆಳಗೆ ತನ್ನ ಬಗ್ಗೆ ಬರೆದುಕೊಂಡ ಉದ್ದನೆಯ ಮಾತಿನಲ್ಲಿ, ಹೆಂಡತಿ ಆರು ವರ್ಷದ ಹಿಂದೆ ಕ್ಯಾನ್ಸರಿನಲ್ಲಿ ತೀರಿಕೊಂಡಳು ಎಂದಿತ್ತು. ತಂದೆ, ತಾಯಿ, ಅಣ್ಣ, ತಮ್ಮ ಎಲ್ಲ ಖಾಲಿ. ಕೋಲಾರದವರು ಅಂದಮೇಲೆ ಯಾವ ಬೀದಿ, ಯಾರ ಮನೆ, ಯಾರ ಕಡೆಯವರು ಎಂಬ ಒಂದು ಸುಳಿವಾದರೂ ಇರಬೇಕಲ್ಲ. ಊರಿನ ಹೆಸರೊಂದೇ ಇತ್ತು. ಜಾತಿ ಯಾವುದಾದರೂ ಸರಿ, ವಿಧವೆಯಾದರೂ ಸರಿ, ಮಕ್ಕಳಿದ್ದರೂ ಸರಿ, ದುಡ್ಡು ಬೇಡ, ಒಳ್ಳೆ ಮನಸ್ಸೊಂದು ಸಾಕು ಎಂದು ಬರೆದಿತ್ತು.

'ಇದ್ರಲ್ಲೇನು ತಪ್ಪು? ಒಳ್ಳೆಯವ್ರು ಹಂಗೇ ಬರೀತಾರೆ' ಎಂದು ಅಕ್ಕ ಫೋನು ಕಿತ್ತುಕೊಳ್ಳಲು ಬಂದಳು.

'ತಪ್ಪಿಲ್ಲ. ಆದ್ರೆ ಇದು ಯಾರಿಗೆ ಬೇಕಾದ್ರೂ ಹೊಂದುತ್ತೆ ಅಕ್ಕ. ಅಳತೆ ತಗೊಳ್ದೇ ಹೊಲ್ದಿರೋ ಬಟ್ಟೆ ಇದು.'

ಆ ಬರಹದ ನಡುವೆ ಫೋನ್ ನಂಬರಿತ್ತು. ಅಂಕಿಯಲ್ಲಲ್ಲ, ಒಂದೊಂದು ಅಂಕಿಯನ್ನೂ ಅಕ್ಷರದಲ್ಲಿ ಬಿಡಿಸಿ ಬರೆದಿತ್ತು. ಯಾಕೆ ಹಾಗೆ ಎಂದು ನನಗೆ ತಿಳಿಯಲಿಲ್ಲ. ಒಂದು ಗಂಟೆಗೆ ಬಸ್ಸಿಳಿದು ಓಡಿಬಂದ ಹುಡುಗಿ ಅದನ್ನು ನೋಡಿ ಮುಖ ಮುಚ್ಚಿಕೊಂಡಳು. 'ಅಂಕೀಲಿ ಬರೆದ್ರೆ ಆ್ಯಪಿನವ್ರು ಅಳಿಸ್ಹಾಕ್ತಾರೆ ಚಿಕ್ಕಮ್ಮ. ಅದ್ಕೇ ಹಿಂಗೆ. ಮೊದಲ್ನೇ ದಿನಾನೇ ಅಲ್ಲಿಂದ ಹೊರಗಡೆ ಕರ್ಕೊಂಡು ಹೋಗೋಕೆ.' ಹಸಿರು ಟಿಕ್ಕಿನ ಪಕ್ಕದ ಸಣ್ಣ ಅಕ್ಷರವನ್ನೂ ಅವಳೇ ಓದಿದಳು: ಮೊಬೈಲ್ ನಂಬರ್ ಖಚಿತವಾಗಿದೆ, ಅಷ್ಟೇ. ಹೆಸರನ್ನಾಗಲಿ ಮುಖವನ್ನಾಗಲಿ ಯಾರೂ ಪರೀಕ್ಷಿಸಿರಲಿಲ್ಲ. ಪ್ರೊಫೈಲ್ ತೆರೆದು ಎರಡೇ ದಿನ ಆಗಿತ್ತೆಂದೂ ಮೂಲೆಯಲ್ಲಿತ್ತು. ಆ್ಯಪ್ ತೆರೆದು ಈಗ ಆ ಪುಟ ಹುಡುಕಿದರೆ ಸಿಗಲಿಲ್ಲ, ಯಾವತ್ತೋ ತೆಗೆದಿದ್ದರು. ನಮ್ಮಲ್ಲಿ ಉಳಿದದ್ದು ಆ ಸ್ಕ್ರೀನ್‌ಶಾಟ್ ಒಂದೇ.

'ಫೋಟೋ ಬೇರೆಲ್ಲೂ ಇರ್ಲಿಲ್ಲ ಅಂದ್ಯಲ್ಲೇ ನೀನು?' ಎಂದು ಅಕ್ಕ ಮಗಳನ್ನು ಕೇಳಿದಳು.

ಆಗ ನಾನು ಹೇಳಲೇಬೇಕಾಯಿತು. ಜೇಬು, ಪಟ್ಟಿ, ವಾಚು. 'ಇದನ್ನ ತಿರುಗಿಸಿ ಹಾಕವ್ರೆ ಅನ್ಸುತ್ತೆ. ಸರಿಯಾಗಿ ತಿರುಗಿಸಿ ಹುಡುಕು' ಎಂದೆ. ಹುಡುಗಿ ಫೋಟೋದ ಭಾಗವನ್ನಷ್ಟೇ ಕತ್ತರಿಸಿ, ಎಡಬಲ ತಿರುವಿ, ಮತ್ತೆ ಹುಡುಕಲು ಹಾಕಿದಳು. ಸ್ವಲ್ಪ ಹೊತ್ತಿಗೇ ಬಂತು. ಅದೇ ಕಾರು, ಅದೇ ಅಂಗಿ, ಜೇಬು ಎಡಗಡೆಗೆ. ಬೇರೆ ಯಾವುದೋ ದೇಶದಲ್ಲಿ ಮನೆ ಮಾರಾಟದ ವ್ಯವಹಾರ ಮಾಡುವವನು. ಹೆಂಡತಿ, ಎರಡು ಮಕ್ಕಳು. ಅವನ ಹೆಸರು ಬೇರೆ. ಪಾಪ, ತನ್ನ ಮುಖ ಶ್ರೀನಿವಾಸಪುರದವರೆಗೆ ಬಂದದ್ದು ಆ ಮನುಷ್ಯನಿಗೆ ಗೊತ್ತೇ ಇರಲಿಕ್ಕಿಲ್ಲ.

ಅಕ್ಕ ಬಹಳ ಹೊತ್ತು ಆ ಎರಡು ಫೋಟೋ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

'ಈ ಜೇಬು ನಿಂಗೆ ಯಾವತ್ತು ಕಾಣಿಸ್ತು?'

'ಅವತ್ತೇ.'

'ಅವತ್ತೇ ಅಂದ್ರೆ?'

'ಫೋಟೋ ಬಂದ ದಿನಾನೇ.'

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, 'ಹೇಳಿದ್ರೆ ನಿನ್ನ ಬೈತಿದ್ದೆ ಕಣೇ. ಹೊಟ್ಟೆಕಿಚ್ಚು ಅಂತಾನೂ ಅಂತಿದ್ದೆ. ಆದ್ರೂ ತಲೇಲಿ ಇರ್ತಿತ್ತು' ಎಂದಳು. ಹುಡುಗಿ ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು.

ಇಷ್ಟಾದರೂ ಅಕ್ಕನ ಮನಸ್ಸು ಪೂರ್ತಿ ಬಿಟ್ಟಿರಲಿಲ್ಲ. ಫೋಟೋ ಸುಳ್ಳಿದ್ದರೂ ಮನುಷ್ಯ ನಿಜವಿರಬಹುದು, ಮುಖ ತೋರಿಸಲು ನಾಚಿಕೆಯಿರಬಹುದು ಎಂದಳು. ಅಷ್ಟರಲ್ಲಿ ಕಸ್ಟಮ್ಸ್ ಹೆಂಗಸಿನ ಫೋನು ಬಂತು. ಅಕ್ಕ ಸ್ಪೀಕರ್ ಹಾಕಿದಳು. ಹಿಂದಿ, ಇಂಗ್ಲಿಷು ಬೆರೆತ ಮಾತು. ಹಿಂದೆ ಯಾರೋ ವಿಮಾನದ ಪ್ರಕಟಣೆ ಮಾಡುವಂಥ ಸದ್ದು. ದುಡ್ಡು ಎಲ್ಲಿ, ಇನ್ನೂ ಎಷ್ಟು ಹೊತ್ತು ಎಂದು ಆಕೆ ಕೇಳಿದಳು.

ಅಕ್ಕನಿಗೆ ಬಸ್ಸಿನಲ್ಲಿ ಕಲಿತ ಹಿಂದಿ ಬರುತ್ತದೆ. 'ಮೊನ್ನೆ ಕಟ್ಟಿದ್ದಕ್ಕೆ ರಸೀದಿ ಕಳಿಸಿ ಮೇಡಂ' ಎಂದಳು ಆ ಹಿಂದಿಯಲ್ಲಿ. ರಸೀದಿ ಸಾಹೇಬರು ಬಂದ ಮೇಲೆ ಎಂದಳು ಆಕೆ. 'ಸರ್ಕಾರದ ಆಫೀಸು ಅಂತೀರಾ, ದುಡ್ಡು ಹೋಗಿದ್ದು ಯಾರೋ ಒಬ್ರ ಹೆಸರಿನ ಖಾತೆಗೆ. ಇವತ್ತು ಕೊಟ್ಟಿರೋ ಖಾತೆ ಇನ್ನೊಬ್ರ ಹೆಸರಲ್ಲೈತೆ. ಯಾಕೆ?' ಆಕೆಯ ದನಿ ಏರಿತು. ನಿನ್ನ ಮೇಲೂ ಕೇಸು ಹಾಕುತ್ತೇವೆ, ಪೊಲೀಸರು ಮನೆಗೆ ಬರುತ್ತಾರೆ ಎಂದಳು. ಅಕ್ಕ ಎದ್ದು ನಿಂತಳು. ಬಸ್ಸಿನೊಳಗೆ ನಿಲ್ಲುವ ಹಾಗೆ, ಕಾಲು ಅಗಲಿಸಿ. ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದಳು.

'ಲೇ, ನಾನು ಐದು ರೂಪಾಯಿ ಈಸ್ಕೊಂಡ್ರೂ ಚೀಟಿ ಕೊಡ್ತೀನಿ ಕಣೇ. ಚೀಟಿ ಕೊಡ್ದೇ ಇದ್ರೆ ನನ್ ಕೆಲ್ಸ ಹೋಗುತ್ತೆ. ನೀನು ಯಾವ ಸರ್ಕಾರದವ್ಳೇ?'

ಆ ಕಡೆ ಫೋನು ಇಟ್ಟರು. ಒಂದೇ ನಿಮಿಷಕ್ಕೆ ಅವನ ಮೆಸೇಜು ಬಂತು: ನನ್ನನ್ನು ನಂಬು, ನೀನಲ್ಲದೆ ನನಗೆ ಯಾರಿದ್ದಾರೆ. ಅಕ್ಕ ಅದನ್ನು ಓದಿ ಫೋನನ್ನು ಮಗಳ ಕೈಗೆ ಕೊಟ್ಟು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತಲೆಯಿಟ್ಟಳು. ಅವಳ ಅಳು ಕೇಳಲಾರದೆ ನಾನು ಯಂತ್ರವನ್ನು ಸುಮ್ಮನೆ ಓಡಿಸಿದೆ, ಬಟ್ಟೆಯಿಲ್ಲದೆ. ಹೊರಗೆ ಬ್ಲೌಸಿಗೆಂದು ಬಂದವರು ಬಾಗಿಲು ತಟ್ಟಿ ಹೋದರು.

ಸೈಬರ್ ವಂಚನೆಯ ಸಹಾಯವಾಣಿಗೆ ಹುಡುಗಿ ಫೋನು ಮಾಡಿದಳು. ಯಾವ ಖಾತೆ, ಎಷ್ಟು ಹೊತ್ತಿಗೆ, ವಹಿವಾಟಿನ ಸಂಖ್ಯೆ ಏನು ಎಂದು ಕೇಳಿ ಬರೆದುಕೊಂಡರು. ಅಕ್ಕನ ಬ್ಯಾಂಕಿಗೂ ತಿಳಿಸಿದೆವು. ಅವನ ನಂಬರನ್ನು, ಮಾತುಕತೆಯನ್ನೆಲ್ಲ ಅಳಿಸಿಬಿಡುತ್ತೇನೆ ಎಂದು ಅಕ್ಕ ಹಟ ಹಿಡಿದಳು. 'ಅಳಿಸ್ಬೇಡಮ್ಮ, ಅದೇ ಸಾಕ್ಷಿ' ಎಂದು ಮಗಳು ಫೋನನ್ನು ತನ್ನ ಹತ್ತಿರವೇ ಇಟ್ಟುಕೊಂಡಳು. ಮಾರನೇ ದಿನ ಕೋಲಾರದ ಸೈಬರ್ ಠಾಣೆಗೆ ಹೋದೆವು. ಅಕ್ಕ ಒಳಗೆ ಬರಲು ಒಪ್ಪಲಿಲ್ಲ. ಡಿಪೋದವರು ಯಾರಾದರೂ ನೋಡಿದರೆ ಎಂದು ಮರದ ಕೆಳಗೆ ಮುಖ ಮರೆಸಿ ನಿಂತಿದ್ದಳು. ದೂರು ಕೊಡುವವಳು ಅವಳೇ ಆದ್ದರಿಂದ ಕೊನೆಗೆ ಕೈಹಿಡಿದು ಕರೆದುಕೊಂಡು ಹೋಗಬೇಕಾಯಿತು. ಅಲ್ಲಿದ್ದ ಅಧಿಕಾರಿ ಅವಮಾನವಾಗುವಂತೆ ಏನೂ ಕೇಳಲಿಲ್ಲ. ಸ್ಕ್ರೀನ್‌ಶಾಟ್ ನೋಡಿ, 'ಇದು ಸಿಕ್ಕಿದ್ದು ಒಳ್ಳೇದಾಯ್ತಮ್ಮ, ಎಷ್ಟೋ ಜನ ಇಷ್ಟೂ ಇಟ್ಕೊಂಡಿರಲ್ಲ' ಎಂದರು. ಎರಡು ದಿನ ತಡವಾಗಿದ್ದರಿಂದ ದುಡ್ಡು ಆಗಲೇ ಖಾತೆಯಿಂದ ಖಾತೆಗೆ ಹೋಗಿತ್ತು. ಒಂದು ಕಡೆ ಸುಮಾರು ಆರು ಸಾವಿರ ತಡೆಹಿಡಿದಿದ್ದಾರೆಂದು ಆಮೇಲೆ ತಿಳಿಯಿತು; ಅದು ಕೈಗೆ ಬರಲು ಕೋರ್ಟಿನ ಆದೇಶ ಬೇಕು. ಇನ್ನೂ ಬಂದಿಲ್ಲ.

ಅದಾದ ಮೇಲೆ ಮೂರು ತಿಂಗಳು ಅಕ್ಕ ನನ್ನ ಅಂಗಡಿಗೆ ಬರಲಿಲ್ಲ. ಅವಳ ಬಸ್ಸು ಬರುತ್ತಿತ್ತು, ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು, ಹೋಗುತ್ತಿತ್ತು. ಒಂದೆರಡು ಸಲ ನಾನೇ ನಿಲ್ದಾಣಕ್ಕೆ ಹೋದೆ. 'ಊಟ ಆಯ್ತಾ' ಎಂದರೆ 'ಆಯ್ತು' ಎನ್ನುತ್ತಿದ್ದಳು, ಟಿಕೆಟ್ ಯಂತ್ರದಿಂದ ಕಣ್ಣೆತ್ತದೆ. ಕಾಲು ನೋಯುತ್ತಿದೆಯಾ ಎಂದು ಕೇಳಬೇಕೆಂದು ಬಾಯಿಯವರೆಗೆ ಬರುತ್ತಿತ್ತು. ಆ ಮಾತು ಅವನ ಮಾತಾಗಿಬಿಟ್ಟಿತ್ತು. ಕೇಳಲಾಗಲಿಲ್ಲ. ಮಗಳು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. 'ಅಮ್ಮ ನನ್ನ ಒಂದು ಮಾತೂ ಅಂದಿಲ್ಲ ಚಿಕ್ಕಮ್ಮ, ಅದೇ ತಡಿಯೋಕಾಗ್ತಿಲ್ಲ' ಎನ್ನುತ್ತಿದ್ದಳು.

ನಾಲ್ಕನೇ ತಿಂಗಳಲ್ಲಿ ಅಕ್ಕನಿಂದಲೇ ನಮ್ಮಿಬ್ಬರಿಗೂ ಇನ್ನೊಂದು ಸ್ಕ್ರೀನ್‌ಶಾಟ್ ಬಂತು. ಡಿಪೋದ ಹಿರಿಯ ಡ್ರೈವರೊಬ್ಬರು ತಮಗೆ ಗೊತ್ತಿರುವವರದ್ದೆಂದು ತಾವಾಗಿಯೇ ಅವಳಿಗೆ ಕಳಿಸಿದ ಪ್ರೊಫೈಲು. ಮಾಲೂರು ಕಡೆಯ ಶಿವಾರಪಟ್ಟಣ, ಕಲ್ಲಿನ ವಿಗ್ರಹ ಕೆತ್ತುವವರು, ಹೆಂಡತಿ ತೀರಿಕೊಂಡಿದ್ದಾರೆ. ಕೆಳಗೆ ಅಕ್ಕ ಬರೆದಿದ್ದಳು: 'ಈ ಸಲ ಮೊದ್ಲೇ ನೋಡಿ ಹೇಳಿ.'

ಆ ಒಂದು ಸಾಲು ನಮ್ಮಿಬ್ಬರನ್ನೂ ಹೆದರಿಸಿಬಿಟ್ಟಿತು. ನಾನೂ ಹುಡುಗಿಯೂ ಆ ಪುಟದ ಮೇಲೆ ಹದ್ದುಗಳ ಹಾಗೆ ಕೂತೆವು. ಒಂದೇ ಫೋಟೋ, ಅದೂ ಮಸುಕು. ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು, ಹೆಗಲ ಮೇಲೆ ಇನ್ಯಾರದೋ ಕೈಯಿತ್ತು. ಪ್ರೊಫೈಲ್ ಹೊಸದು. ಅರ್ಧ ಸಾಲುಗಳು ಖಾಲಿ. ವರಮಾನ ಬರೆದಿರಲಿಲ್ಲ. ಹೋದ ಸಲ ಕಣ್ಣಿಗೆ ಬೀಳದಿದ್ದದ್ದೆಲ್ಲ ಈ ಸಲ ಬಿತ್ತು. ಹುಡುಗಿ ಆ ಮನುಷ್ಯನಿಗೆ ಫೋನು ಮಾಡಿದಳು. ಅವರು ಮೊದಲ ಮಾತಿಗೇ, 'ಫೋನಲ್ಲೇನಮ್ಮ, ಬಂದು ಮನೆ ನೋಡ್ಕೊಂಡೋಗಿ. ಇಲ್ಲಾಂದ್ರೆ ನಾನೇ ಬತ್ತೀನಿ' ಎಂದಿದ್ದರಂತೆ. ನಾವು ಹೋಗಲಿಲ್ಲ. ವಿಡಿಯೋ ಕಾಲ್ ಮಾಡಿ ಎಂದೆವು. ಮಾಡಿದರು, ಮೂರು ಸಲ. ಆಧಾರ್ ಕಳಿಸಿ ಎಂದೆವು, ಕಳಿಸಿದರು. ಮನೆ ಕಂದಾಯದ ರಸೀದಿ ಕೇಳಿದೆವು, ಅದೂ ಬಂತು. ಆಮೇಲೆ ಹೆಂಡತಿಯ ಮರಣ ಪ್ರಮಾಣಪತ್ರ ಕೇಳು ಎಂದು ಹೇಳಿಕೊಟ್ಟವಳು ನಾನು.

ಅದಕ್ಕೆ ಅವರು ಹೇಳಿದರಂತೆ: 'ಅದು ಪೆಟ್ಟಿಗೇಲೈತೆ ಕಣಮ್ಮ. ಅದನ್ನ ತೆಗ್ದು ತೋರ್ಸಿ ಇನ್ನೊಂದು ಹೆಣ್ಣು ಕೇಳೋಕೆ ನಂಗೆ ಮನ್ಸಿಲ್ಲ. ಬೇಜಾರ್ ಮಾಡ್ಕೋಬ್ಯಾಡಿ.'

ಅಲ್ಲಿಗೆ ಮುಗಿಯಿತು. ಪ್ರಮಾಣಪತ್ರ ಕೊಡಲಿಲ್ಲ, ಅಂದರೆ ಏನೋ ಇದೆ ಎಂದು ಹುಡುಗಿ ಅಂದಳು. ನಾನೂ ಹೌದೆಂದೆ. ಅಕ್ಕನಿಗೆ 'ಬೇಡ ಅನ್ಸುತ್ತೆ' ಎಂದು ಹೇಳಿದೆವು. ಅವಳು ಸರಿ ಎಂದಳು.

ಆದರೆ ನನಗೆ ನೆಮ್ಮದಿಯಿರಲಿಲ್ಲ. ಕತ್ತರಿ ಹಿಡಿದಾಗ, ಗುಂಡಿ ಹೊಲಿಯುವಾಗ ಅದೇ ಯೋಚನೆ. ಆ ಮನುಷ್ಯ ಒಂದು ರೂಪಾಯಿ ಕೇಳಿರಲಿಲ್ಲ. ಅವಸರ ಮಾಡಿರಲಿಲ್ಲ. ಮುಖ ಮರೆಸಿರಲಿಲ್ಲ. ಬಾ ಎಂದು ಕರೆದಿದ್ದರು. ಅವರನ್ನು ಬಲ್ಲ ಡ್ರೈವರು ದಿನವೂ ಡಿಪೋದಲ್ಲೇ ಇದ್ದರು, ನಾವು ಅವರನ್ನೊಂದು ಮಾತು ಕೇಳಿರಲಿಲ್ಲ. ಹದಿನೈದು ದಿನ ತಡೆದೆ. ಒಂದು ಸೋಮವಾರ ಅಂಗಡಿ ಮುಚ್ಚಿ, ಕೋಲಾರದ ಮೇಲೆ ಮಾಲೂರಿಗೆ ಹೋಗಿ, ಅಲ್ಲಿಂದ ಶಿವಾರಪಟ್ಟಣದ ಬಸ್ಸು ಹತ್ತಿದೆ.

ಬಸ್ಸಿಳಿದಾಗಲೇ ಉಳಿಯ ಸದ್ದು. ಹೆಸರು ಹೇಳಿದ ಕೂಡಲೇ ಚಹದ ಅಂಗಡಿಯವರು ಶೆಡ್ಡು ತೋರಿಸಿದರು. ಶೆಡ್ಡಿನಲ್ಲಿ ಅವರು ಕಲ್ಲಿನಿಂದ ಅರ್ಧ ಎದ್ದ ದೇವಿಯ ವಿಗ್ರಹದ ಮುಂದೆ ಕೂತು ಅದರ ಕೈಬೆರಳು ಬಿಡಿಸುತ್ತಿದ್ದರು. ಯಾರೆಂದು ಹೇಳಿದೆ. ಉಳಿ ಕೆಳಗಿಟ್ಟು, ಒಂದು ಕಲ್ಲಿನ ಮೇಲಿದ್ದ ಪುಡಿಯನ್ನು ಟವಲಿನಿಂದ ಕೊಡವಿ ಕೂರಲು ಹೇಳಿದರು. ಅವರ ತಾಯಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ನಾನು ತಪ್ಪಾಯಿತು ಎಂದೆ. ಯಾಕೆ ಹಾಗೆ ಕೇಳಿದೆವು ಎಂದು ಹೇಳಲು ಹೊರಟೆ; ಅಕ್ಕನ ಮಾನದ ವಿಷಯ, ಅರ್ಧಕ್ಕೇ ನಿಲ್ಲಿಸಿದೆ.

'ನಿಮ್ ಮನೇಲಿ ಏನೋ ಆಗೈತೆ ಅಂತ ಗೊತ್ತಾಯ್ತಮ್ಮ' ಎಂದರು ಅವರು. 'ಆ ಹುಡುಗಿ ಕೇಳೋ ರೀತಿಲೇ ಗೊತ್ತಾಯ್ತು. ಹೆದರ್ಕೊಂಡು ಕೇಳ್ತಿತ್ತು. ಆದ್ರೆ ನಿಮ್ಮಕ್ಕನ ಹತ್ರ ಒಂದೇ ಒಂದು ಮಾತೂ ಆಡೋಕಾಗ್ಲಿಲ್ಲ ನಂಗೆ. ನೀವೇ ಎಲ್ಲ ಕೇಳಿದ್ರಿ. ಅವ್ರಿಗೇನಾದ್ರೂ ಕೇಳೋದಿತ್ತೋ ಏನೋ.'

ಮಜ್ಜಿಗೆ ಕುಡಿದು ಎದ್ದೆ. ಬಸ್ಸಿನವರೆಗೆ ಅವರ ತಾಯಿ ಬಂದರು.

ಮಾರನೇ ದಿನ ಅಕ್ಕನ ಬಸ್ಸು ಬರುವ ಹೊತ್ತಿಗೆ ನಿಲ್ದಾಣದಲ್ಲಿ ನಿಂತಿದ್ದೆ. ಜನ ಇಳಿದ ಮೇಲೆ ಹತ್ತಿ, ಅವಳ ಪಕ್ಕದ ಸೀಟಿನಲ್ಲಿ ಕೂತು ಎಲ್ಲ ಹೇಳಿದೆ. ಹೋಗಿದ್ದು, ನೋಡಿದ್ದು, ಅವರು ಅಂದದ್ದು. ಪ್ರಮಾಣಪತ್ರ ಕೇಳಿಸಿದ್ದು ನಾನೇ ಎಂದೂ ಹೇಳಿದೆ. ಈ ಸಲ ಏನನ್ನೂ ಬಚ್ಚಿಡಲಿಲ್ಲ.

ಅಕ್ಕ ಚಿಲ್ಲರೆ ಚೀಲದ ಜಿಪ್ಪನ್ನು ಎಳೆಯುತ್ತಾ, ಬಿಡುತ್ತಾ ಕೇಳಿದಳು.

'ಫೋಟೋದಲ್ಲಿರೋ ಥರಾನೇ ಅವ್ರಾ?'

'ಅದಕ್ಕಿಂತ ವಯಸ್ಸಾದಂಗೆ ಕಾಣ್ತಾರೆ. ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ.'

ಅವಳ ತುಟಿ ಸ್ವಲ್ಪ ಅಲುಗಿತು. ನಗುವೋ ಏನೋ. ಆಮೇಲೆ, 'ಸತ್ತೋಗಿರೋಳ ಚೀಟಿ ಕೇಳಿದ್ರಲ್ಲೇ. ನಮ್ ಯಜಮಾನ್ರದ್ದು ಯಾರಾದ್ರೂ ಕೇಳಿದ್ರೆ ನಾನು ಕೊಡ್ತಿದ್ನಾ?' ಎಂದಳು. ಬೈಯುವ ದನಿಯಲ್ಲಲ್ಲ. ತನ್ನನ್ನೇ ಕೇಳಿಕೊಂಡ ಹಾಗೆ.

ಡ್ರೈವರ್ ಟೀ ಮುಗಿಸಿ ಬಂದು ಬಸ್ಸು ಶುರು ಮಾಡಿದರು. ಇಳಿಯುವಾಗ ಶಿವಾರಪಟ್ಟಣದವರ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕೈಗಿಟ್ಟೆ. ಅವಳು ಅದನ್ನು ಎಸೆಯಲಿಲ್ಲ, ಅಂಗಿಯ ಜೇಬಿಗೂ ಹಾಕಿಕೊಳ್ಳಲಿಲ್ಲ. ಟಿಕೆಟ್ ಯಂತ್ರದ ಜೊತೆಗೇ ಹಿಡಿದುಕೊಂಡು ಬಾಗಿಲಿಗೆ ಬಂದು, 'ಶ್ರೀನಿವಾಸಪುರ, ಶ್ರೀನಿವಾಸಪುರ' ಎಂದು ಕೂಗಿದಳು.

ಇದಾಗಿ ಒಂದು ತಿಂಗಳ ಮೇಲಾಯಿತು. ಈಗ ಮತ್ತೆ ಅಂಗಡಿಗೆ ಬರುತ್ತಾಳೆ, ಕೂರುತ್ತಾಳೆ, ಫೋನು ಮಾತ್ರ ತೆಗೆಯುವುದಿಲ್ಲ. ಹೋದ ವಾರ ತಾನಾಗಿಯೇ, 'ಇನ್ನೂ ಅವ್ರಿಗೆ ಫೋನು ಮಾಡಿಲ್ಲ ಕಣೇ. ಏನಂತ ಶುರು ಮಾಡ್ಲಿ?' ಎಂದಳು. ನಾನು ಏನಾದರೂ ಹೇಳುವಷ್ಟರಲ್ಲಿ ಹೊರಗೆ ಅವಳ ಬಸ್ಸಿನ ಹಾರ್ನ್ ಕೇಳಿಸಿತು, ಎದ್ದು ಹೋದಳು.